ಹತ್ತರಲ್ಲಿ ಮುಗಿಯುವ ಹನ್ನೆರಡು

ಏಕತಾಲಕ್ಕೆ ಹನ್ನೆರಡು ಮಾತ್ರೆ ಎಂಬುದನ್ನು ಧಾರವಾಡದ ಕಡೆಯ ಕೇಳುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡೆರಡು ಮಾತ್ರೆಯ ಆರು ಭಾಗ, ಮೊದಲನೆಯದೇ ಸಮ. ಗಾಯಕ ಎಷ್ಟು ದೂರ ಸುತ್ತಾಡಿದರೂ ಕೊನೆಗೆ ಬಂದು ನಿಲ್ಲುವುದು ಆ ಒಂದರ ಮೇಲೆ. ಇದೇ ಕಿವಿಯಲ್ಲಿ ಸ್ಪೇನಿನ ಫ್ಲಮೆಂಕೊ ಕೇಳಲು ಕೂತರೆ ಸ್ವಲ್ಪ ಹೊತ್ತಿಗೇ ಲೆಕ್ಕ ಕೈಜಾರುತ್ತದೆ. ಅಲ್ಲೂ ಹನ್ನೆರಡೇ ಮಾತ್ರೆ, ಆದರೆ ಒಂದರ ಮೇಲೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಒತ್ತು ಬೀಳುವುದು ಮೂರು, ಆರು, ಎಂಟು, ಹತ್ತು, ಹನ್ನೆರಡರ ಮೇಲೆ. ಅದರಲ್ಲೂ ಮಾತು ಮುಗಿದು ಉಸಿರು ಬಿಡುವ ಜಾಗ ಹತ್ತು. ಆಮೇಲಿನ ಎರಡು ಮಾತ್ರೆ ಬಹಳ ಸಲ ಖಾಲಿಯಾಗಿಯೇ ಕಳೆಯುತ್ತವೆ.

ಈ ಆವರ್ತಕ್ಕೆ ಆಂಡಲೂಸಿಯಾದ ಜನ ಕಂಪಾಸ್ ಎನ್ನುತ್ತಾರೆ. ಒಬ್ಬ ಹಾಡುಗಾರನನ್ನೋ ನರ್ತಕಿಯನ್ನೋ ಹೊಗಳುವಾಗಲೂ ಅದೇ ಪದ: ಅವರಿಗೆ ಕಂಪಾಸ್ ಇದೆ. ಕಂಠ ಒಡಕಾಗಿದ್ದರೆ ನಡೆಯುತ್ತದೆ, ಕಂಪಾಸ್ ತಪ್ಪಿದರೆ ನಡೆಯುವುದಿಲ್ಲ. ಆದರೆ ಹೊಸಬರಿಗೆ ಕಷ್ಟವಾಗುವುದು ಇಲ್ಲಿಯೇ. ಇದನ್ನು ಒಬ್ಬರೇ ಪೂರ್ತಿಯಾಗಿ ನುಡಿಸಿ ತೋರಿಸುವುದಿಲ್ಲ. ಗಿಟಾರ್ ಒಂದಿಷ್ಟನ್ನು ಹೇಳುತ್ತದೆ, ಚಪ್ಪಾಳೆ ಇನ್ನೊಂದಿಷ್ಟನ್ನು ಹೇಳುತ್ತದೆ, ಉಳಿದದ್ದನ್ನು ಕೇಳುವವರೇ ಮನಸ್ಸಿನಲ್ಲಿ ಎಣಿಸಿಕೊಳ್ಳಬೇಕು. ಹಾಗಾಗಿ ಮೊದಲು ಎಣಿಕೆ.

ಗಟ್ಟಿಯಾಗಿ ಹೀಗೆ ಹೇಳಿ: ಒಂದು ಎರಡು ಮೂರು, ನಾಲ್ಕು ಐದು ಆರು, ಏಳು ಎಂಟು, ಒಂಬತ್ತು ಹತ್ತು, ಹನ್ನೊಂದು ಹನ್ನೆರಡು. ಮೊದಲು ಮೂರರ ಎರಡು ಗುಂಪು, ಆಮೇಲೆ ಎರಡರ ಮೂರು ಗುಂಪು. ಪ್ರತಿ ಗುಂಪಿನ ಕೊನೆಯ ಮಾತ್ರೆಗೆ ಒತ್ತು ಕೊಡಿ. ಎಲ್ಲ ಮಾತ್ರೆಗಳ ಅಳತೆಯೂ ಒಂದೇ, ಒಂದೂ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಒತ್ತುಗಳ ನಡುವಿನ ದೂರ ಮಾತ್ರ ಬದಲಾಗುತ್ತದೆ. ಮೊದಲರ್ಧ ತೂಗುತ್ತಾ ಸಾಗಿ, ಎರಡನೆಯ ಅರ್ಧ ದಾಪುಗಾಲು ಹಾಕಿದಂತೆ ಕೇಳುವುದು ಇದರಿಂದ. ವೇಗ ಏರಿಲ್ಲ, ಒತ್ತುಗಳು ಹತ್ತಿರ ಬಂದಿವೆ ಅಷ್ಟೇ.

ವೇಗ ಹೆಚ್ಚಾದಾಗ ನಮ್ಮ ‘ಹನ್ನೊಂದು ಹನ್ನೆರಡು’ ನಾಲಿಗೆಗೆ ಭಾರವಾಗುತ್ತದೆ. ಸ್ಪೇನಿನವರಿಗೂ ಇದೇ ತೊಂದರೆ ಇತ್ತು. ಅವರು ಹತ್ತರವರೆಗೆ ಎಣಿಸಿ, ಮತ್ತೆ ‘ಒಂದು, ಎರಡು’ ಎಂದು ಹೇಳಿ ಆವರ್ತ ಮುಗಿಸುತ್ತಾರೆ. ನಾವೂ ಆಡುಮಾತಿನಲ್ಲಿ ಒಂದ್ ಎರ್ಡ್ ಮೂರ್ ನಾಕ್ ಐದ್ ಆರ್ ಏಳ್ ಎಂಟ್ ಒಂಬತ್ ಹತ್, ಒಂದ್ ಎರ್ಡ್ ಎಂದು ಹೇಳಿಕೊಂಡರೆ ಸರಾಗವಾಗಿ ಸಾಗುತ್ತದೆ. ಹೀಗೆ ಎಣಿಸುವುದರಲ್ಲಿ ಇನ್ನೊಂದು ಅನುಕೂಲವೂ ಇದೆ: ಹತ್ತರಲ್ಲಿ ಏನೋ ಮುಗಿಯಿತು ಎಂಬುದು ಬಾಯಿಗೇ ತಿಳಿಯುತ್ತದೆ.

ಕಲಿಸುವವರು ಹಲವರು ಹಲಗೆಯ ಮೇಲೆ ಗಡಿಯಾರದ ಮುಖ ಬರೆದು, ಹನ್ನೆರಡು, ಮೂರು, ಆರು, ಎಂಟು, ಹತ್ತರ ಜಾಗದಲ್ಲಿ ದಪ್ಪ ಚುಕ್ಕೆ ಇಡುತ್ತಾರೆ. ಕಾಗದದ ಮೇಲೆ ನೀವೂ ಒಂದು ಬರೆದುಕೊಳ್ಳಿ. ಬಲಗಡೆ ಚುಕ್ಕೆಗಳು ದೂರ ದೂರ, ಎಡಗಡೆ ಒತ್ತೊತ್ತು. ಮುಂದೆ ಗಿಟಾರಿನ ವಿಷಯ ಬಂದಾಗ ಈ ಚಿತ್ರ ಉಪಯೋಗಕ್ಕೆ ಬರುತ್ತದೆ.

ಫ್ಲಮೆಂಕೊ ಎಂದರೆ ಎಲ್ಲವೂ ಹನ್ನೆರಡಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ತಾಂಗೋಸ್ ಮತ್ತು ರುಂಬಾ ನಾಲ್ಕರಲ್ಲಿ ನಡೆಯುತ್ತವೆ. ತಾರಾಂತಾ, ಮಲಾಗೇನ್ಯಾದಂಥ ಕೆಲವು ಪ್ರಕಾರಗಳನ್ನು ಆಲಾಪದಂತೆ ತಾಳವಿಲ್ಲದೆ ಹಾಡುತ್ತಾರೆ. ಹನ್ನೆರಡರ ಮನೆತನದಲ್ಲಿ ಮುಖ್ಯವಾದವು ಸೊಲೆಯಾ, ಅಲೆಗ್ರಿಯಾಸ್, ಬುಲೆರಿಯಾಸ್ ಮತ್ತು ಸೆಗಿರಿಯಾ. ಸೊಲೆಯಾ ನಿಧಾನ, ಗಂಭೀರ. ಕಾದಿಸ್ ಊರಿನ ಅಲೆಗ್ರಿಯಾಸ್ ಲವಲವಿಕೆಯದು. ಬುಲೆರಿಯಾಸ್ ಎಲ್ಲಕ್ಕಿಂತ ಚುರುಕು. ಕಿವಿ ಪಳಗಿಸಲು ಶುರು ಮಾಡಬೇಕಾದದ್ದು ಸೊಲೆಯಾದಿಂದ. ಬಹಳ ಜನ ಬುಲೆರಿಯಾಸ್‌ನ ಹುರುಪಿಗೆ ಮರುಳಾಗಿ ನೇರ ಅಲ್ಲಿಗೇ ಹೋಗುತ್ತಾರೆ, ಎರಡು ದಿನದಲ್ಲಿ ಬಿಟ್ಟೂ ಬಿಡುತ್ತಾರೆ. ಅದಕ್ಕೆ ಕಾರಣ ವೇಗ. ಸೊಲೆಯಾದಲ್ಲಿ ಒಂದು ಆವರ್ತಕ್ಕೆ ಎಂಟು ಹತ್ತು ಸೆಕೆಂಡ್ ಹಿಡಿಯುತ್ತದೆ. ಬುಲೆರಿಯಾಸ್‌ನಲ್ಲಿ ನಿಮಿಷಕ್ಕೆ 200 ಮಾತ್ರೆ ದಾಟುವುದು ಸಾಮಾನ್ಯ, ಅಂದರೆ ಮೂರು ಸೆಕೆಂಡ್ ಚಿಲ್ಲರೆಯಲ್ಲಿ ಪೂರಾ ಆವರ್ತ ಮುಗಿದುಹೋಗಿರುತ್ತದೆ.

ಈಗ ಸೊಲೆಯಾದ ಒಂದು ಆವರ್ತವನ್ನು ಗಿಟಾರಿನ ಮೇಲೆ ನಿಧಾನವಾಗಿ ನೋಡೋಣ. ಗಿಟಾರ್ ವಾದಕ ಸಾಮಾನ್ಯವಾಗಿ ಇ ಕಾರ್ಡನ್ನು ಮನೆ ಮಾಡಿಕೊಂಡಿರುತ್ತಾನೆ. ಅದಕ್ಕೆ ಅರ್ಧ ಸ್ವರ ಮೇಲೆ ಎಫ್ ಕಾರ್ಡ್ ಇದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಇ ಷಡ್ಜ, ಎಫ್ ಅದಕ್ಕೆ ಅಂಟಿಕೊಂಡಿರುವ ಕೋಮಲ ರಿಷಭ. ಕೋಮಲ ರಿಷಭದ ಮೇಲೆ ನಿಂತರೆ ಷಡ್ಜಕ್ಕೆ ಇಳಿಯಲೇಬೇಕು ಎನ್ನಿಸುತ್ತದಲ್ಲ, ಫ್ಲಮೆಂಕೊದ ಗಿಟಾರ್ ಕಂಪಾಸನ್ನು ಹೇಳುವುದು ಆ ಸೆಳೆತದಿಂದಲೇ.

ಒಂದು, ಎರಡರಲ್ಲಿ ಇ ಕಾರ್ಡ್. ಮೂರು ಬಂದೊಡನೆ ಎಡಗೈ ಎಫ್‌ಗೆ ಏರುತ್ತದೆ. ಮೂರಕ್ಕೆ ಒತ್ತು ಬಂದದ್ದು ಜೋರಾಗಿ ಬಾರಿಸಿದ್ದರಿಂದಲ್ಲ, ಅಲ್ಲಿ ಸ್ವರ ಬದಲಾದದ್ದರಿಂದ. ಹೊಸಬರು ಇದನ್ನು ಗಮನಿಸುವುದೇ ಇಲ್ಲ. ಅವರು ದೊಡ್ಡ ಶಬ್ದ ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ, ಗಿಟಾರ್ ಬಣ್ಣ ಬದಲಿಸಿ ಒತ್ತು ಕೊಟ್ಟಿರುತ್ತದೆ. ನಾಲ್ಕು, ಐದು, ಆರರಲ್ಲಿ ಬಲಗೈಯ ಬೆರಳುಗಳು ಬೀಸಣಿಗೆ ಬಿಚ್ಚಿದಂತೆ ಒಂದರ ಹಿಂದೊಂದು ತಂತಿಗಳ ಮೇಲೆ ಹಾಯುತ್ತವೆ. ಇದಕ್ಕೆ ರಸ್ಗೆಯಾದೊ ಎನ್ನುತ್ತಾರೆ. ಏಳರಿಂದ ಒಂಬತ್ತರವರೆಗೆ ಎಫ್‌ನ ಸುತ್ತಮುತ್ತ ಸುಳಿದಾಡಿ, ಕೆಲವೊಮ್ಮೆ ಒಂದೆರಡು ಕಾರ್ಡ್ ಮೇಲಿನಿಂದ ಮೆಟ್ಟಿಲಿಳಿದು, ಹತ್ತಕ್ಕೆ ಸರಿಯಾಗಿ ಇ ಕಾರ್ಡಿಗೆ ಬಂದು ಕೂರುತ್ತದೆ. ಅಲ್ಲಿಗೆ ವಾಕ್ಯ ಪೂರ್ತಿಯಾಯಿತು. ಹನ್ನೊಂದು, ಹನ್ನೆರಡರಲ್ಲಿ ತಂತಿಗಳನ್ನು ಹಾಗೇ ಗುಂಯ್ಗುಡಲು ಬಿಡುವುದುಂಟು, ಸಣ್ಣದೊಂದು ಓಟ ನುಡಿಸುವುದುಂಟು. ಅದಕ್ಕಿಂತ ಹೆಚ್ಚಾಗಿ ಕೇಳುವುದು ‘ಟಕ್’ ಎಂಬ ಪೆಟ್ಟು. ಉಂಗುರದ ಬೆರಳಿನ ಉಗುರಿನಿಂದ ಗಿಟಾರಿನ ಮರದ ಮೇಲೆ ಬಡಿಯುವ ಈ ಪೆಟ್ಟಿಗೆ ಗೊಲ್ಪೆ ಎಂದು ಹೆಸರು. ಫ್ಲಮೆಂಕೊ ಗಿಟಾರಿನಲ್ಲಿ ತಂತಿಯ ಕೆಳಗೆ ಅಂಟಿಸಿರುವ ತೆಳುವಾದ ಪ್ಲಾಸ್ಟಿಕ್ ಹಾಳೆ ಮರ ಗೀರಿಹೋಗದಿರಲಿ ಎಂದೇ ಇದೆ.

ಹೀಗಾಗಿ ಗಿಟಾರ್ ಎರಡು ಗುರುತುಗಳನ್ನು ಖಚಿತವಾಗಿ ಕೊಡುತ್ತದೆ: ಮೂರಕ್ಕೆ ಮನೆ ಬಿಟ್ಟು ಹೊರಡುತ್ತದೆ, ಹತ್ತಕ್ಕೆ ಮನೆ ಸೇರುತ್ತದೆ. ವಾದಕ ಎಷ್ಟೇ ಅಲಂಕಾರ ಮಾಡಲಿ, ಈ ಎರಡು ಬಿಂದುಗಳ ನೆರಳು ಇದ್ದೇ ಇರುತ್ತದೆ. ಅದರಲ್ಲೂ ಹತ್ತನ್ನು ಹಿಡಿಯುವುದು ಸುಲಭ. ನನ್ನ ಮಟ್ಟಿಗೆ ಫ್ಲಮೆಂಕೊ ಕೇಳಲು ಕಲಿಯುವುದೆಂದರೆ ಹತ್ತನ್ನು ಕೇಳಲು ಕಲಿಯುವುದು. ಒಂದನ್ನು ಹುಡುಕುತ್ತಾ ಹೋದರೆ ಸಿಗುವುದಿಲ್ಲ. ಎಣಿಕೆ ನಿಲ್ಲಿಸಿ, ಗಿಟಾರ್ ಸಮಾಧಾನವಾಗಿ ಬಂದು ಕೂರುವ ಜಾಗ ಕಾಯಿರಿ. ಅದು ಬಂದಾಗ ‘ಹತ್ತು’ ಎನ್ನಿ. ಆಮೇಲೆ ಎರಡು ಮಾತ್ರೆ ಬಿಟ್ಟು ಹೊಸದಾಗಿ ಎಣಿಸಲು ಶುರು ಮಾಡಿ. ಮುಂದಿನ ಸಲ ನಿಮ್ಮ ಹತ್ತೂ ಗಿಟಾರಿನ ಹತ್ತೂ ಕೂಡಿದರೆ ನೀವು ಒಳಗೆ ಬಂದಿರಿ ಎಂದರ್ಥ.

ಇದಕ್ಕೆ ಒಳ್ಳೆಯ ಪಾಠ ಸ್ಪೇನಿನ ಸರ್ಕಾರಿ ಟೆಲಿವಿಷನ್ 1970ರ ದಶಕದ ಆರಂಭದಲ್ಲಿ ಮಾಡಿದ ‘ರೀತೊ ಇ ಹೆಯೊಗ್ರಫಿಯಾ ದೆಲ್ ಕಾಂತೆ’ ಎಂಬ ಸಾಕ್ಷ್ಯಚಿತ್ರ ಸರಣಿ. ಕಪ್ಪು ಬಿಳುಪಿನ ಆ ಚಿತ್ರಗಳಲ್ಲಿ ಉತ್ರೇರಾ ಊರಿನ ಫೆರ್ನಾಂದಾ ಸೊಲೆಯಾ ಹಾಡಿದ್ದಾರೆ, ಮೊರೋನ್ ಊರಿನ ದಿಯೇಗೊ ದೆಲ್ ಗಸ್ತೋರ್ ಗಿಟಾರ್ ನುಡಿಸಿದ್ದಾರೆ. ದಿಯೇಗೊ ಅವರದು ಸ್ವರ ಕಮ್ಮಿ, ಬಿಡುವು ಹೆಚ್ಚು ಇರುವ ವಾದನ. ಹಾಗಾಗಿ ಕಿವಿಗೆ ಪೂರ್ತಿ ಸಮಯ ಸಿಗುತ್ತದೆ.

ಇನ್ನು ಚಪ್ಪಾಳೆ. ಸ್ಪ್ಯಾನಿಷ್‌ನಲ್ಲಿ ಪಾಲ್ಮಾಸ್. ನಮ್ಮಲ್ಲಿ ಭಜನೆಯ ಚಪ್ಪಾಳೆ ಯಾರು ಬೇಕಾದರೂ ತಟ್ಟಬಹುದು, ಕಛೇರಿಯಲ್ಲಿ ತೊಡೆಯ ಮೇಲೆ ತಾಳ ಹಾಕುವುದು ಕೇಳುಗರ ಹಕ್ಕು. ಫ್ಲಮೆಂಕೊದಲ್ಲಿ ಹಾಗಲ್ಲ. ಚಪ್ಪಾಳೆ ಅಲ್ಲಿ ಒಂದು ವಾದ್ಯ. ಅದನ್ನೇ ಕಸುಬಾಗಿ ಮಾಡಿಕೊಂಡ ಪಾಲ್ಮೇರೊಗಳಿದ್ದಾರೆ, ಧ್ವನಿಮುದ್ರಿಕೆಗಳ ಮೇಲೆ ಅವರ ಹೆಸರೂ ಅಚ್ಚಾಗುತ್ತದೆ. ಪ್ರೇಕ್ಷಕರು ಉತ್ಸಾಹದಿಂದ ಕೂಡಿಕೊಂಡರೆ ಕಲಾವಿದರ ಮುಖ ಗಂಟಾಗುತ್ತದೆ, ಅದಕ್ಕೆ ಸಕಾರಣವೂ ಇದೆ. ಒಬ್ಬರು ಅರ್ಧ ಮಾತ್ರೆ ಹಿಂದೆಬಿದ್ದರೂ ಇಡೀ ಗುಂಪಿನ ಕಾಲಡಿಯ ನೆಲ ಅಲುಗಿದಂತೆ.

ಕೈಯಿಂದ ಎರಡು ಬಗೆಯ ಶಬ್ದ ಬರುತ್ತದೆ. ಬಲಗೈಯ ತೋರು, ನಡು, ಉಂಗುರ ಬೆರಳುಗಳನ್ನು ಜೋಡಿಸಿ ಎಡ ಅಂಗೈಯ ಗುಳಿಗೆ ಹೊಡೆದರೆ ಚಾಟಿ ಬೀಸಿದಂಥ ಚುರುಕು ಶಬ್ದ. ಇದು ಕ್ಲಾರಾಸ್. ಎರಡೂ ಅಂಗೈಗಳನ್ನು ಬೊಗಸೆಯಂತೆ ಗುಂಡಗೆ ಮಾಡಿ ಅಡ್ಡಡ್ಡ ಕೂಡಿಸಿದರೆ ಒಳಗೆ ಗಾಳಿ ಸಿಕ್ಕಿಕೊಂಡು ‘ಪೊಬ್’ ಎಂಬ ಮಂದ ಶಬ್ದ. ಇದು ಸೋರ್ದಾಸ್. ಹಾಡು ನಡೆಯುವಾಗ, ಗಿಟಾರ್ ಒಬ್ಬಂಟಿಯಾಗಿ ಸಣ್ಣ ದನಿಯಲ್ಲಿ ನುಡಿಯುವಾಗ ಸೋರ್ದಾಸ್. ಕುಣಿತದ ಕಾಲ್ಗೆಲಸ ಏರುವಾಗ, ಒಂದು ಘಟ್ಟ ಮುಗಿಸುವಾಗ ಕ್ಲಾರಾಸ್. ಗಾಯಕಿ ಬಾಯಿ ತೆರೆದ ಕ್ಷಣ ಮೂವರ ಕೈಗಳೂ ಒಟ್ಟಿಗೆ ಬೊಗಸೆಯಾಗುವುದನ್ನು ವಿಡಿಯೊದಲ್ಲಿ ನೋಡಬಹುದು. ಯಾರೂ ಸನ್ನೆ ಮಾಡಿರುವುದಿಲ್ಲ.

ಸೊಲೆಯಾದ ನಿಧಾನ ಹಾಡುಗಳಿಗೆ ಚಪ್ಪಾಳೆ ಇಲ್ಲದೆಯೂ ನಡೆಯುತ್ತದೆ, ಇದ್ದರೂ ತೀರಾ ಮೆಲ್ಲಗೆ. ಚಪ್ಪಾಳೆಯ ನಿಜವಾದ ಸೊಬಗು ಇರುವುದು ಬುಲೆರಿಯಾಸ್‌ನಲ್ಲಿ. ಇವೆರಡರ ನಡುವೆ ಸೊಲೆಯಾ ಪೋರ್ ಬುಲೆರಿಯಾ ಎಂಬ ಮಧ್ಯಮ ಗತಿಯ ಪ್ರಕಾರ ಒಂದಿದೆ. ಕೈ ಪಳಗಿಸಲು ಅದೇ ಒಳ್ಳೆಯ ಮೆಟ್ಟಿಲು. ಅಲ್ಲಿ ಬಹಳವಾಗಿ ಕೇಳುವ ಒಂದು ಚಪ್ಪಾಳೆ ಹೀಗಿದೆ: ಒಂದು, ಎರಡು, ಮೂರಕ್ಕೆ ತಟ್ಟಬೇಕು. ನಾಲ್ಕು, ಐದು, ಆರಕ್ಕೆ ಕೈ ಸುಮ್ಮನೆ. ಏಳು, ಎಂಟಕ್ಕೆ ತಟ್ಟಬೇಕು, ಒಂಬತ್ತು ಬಿಟ್ಟು ಹತ್ತಕ್ಕೆ ತಟ್ಟಬೇಕು. ಹನ್ನೊಂದು, ಹನ್ನೆರಡು ಖಾಲಿ. ಆರು ಒತ್ತಿನ ಮಾತ್ರೆ ತಾನೇ, ಅಲ್ಲಿ ಚಪ್ಪಾಳೆಯೇ ಇಲ್ಲವಲ್ಲ ಎಂದು ಕೇಳಬಹುದು. ಇಲ್ಲ, ಅಲ್ಲಿ ಕಾಲು ನೆಲಕ್ಕೆ ಬೀಳುತ್ತದೆ, ಇಲ್ಲವೇ ಗಿಟಾರ್ ಅದನ್ನು ಎತ್ತಿ ಹೇಳುತ್ತದೆ. ಒತ್ತುಗಳ ಪಟ್ಟಿಗೂ ಚಪ್ಪಾಳೆಯ ಪಟ್ಟಿಗೂ ಹೀಗೆ ಅಲ್ಲಲ್ಲಿ ವ್ಯತ್ಯಾಸ ಇರುತ್ತದೆ. ಚಪ್ಪಾಳೆ ಬಿಟ್ಟ ಜಾಗದಲ್ಲೇ ಗಿಟಾರ್ ಮಾತಾಡಬೇಕು.

ಬುಲೆರಿಯಾಸ್‌ಗೆ ಬಂದಾಗ ಎಣಿಕೆಯ ಆರಂಭವೇ ಜರುಗುತ್ತದೆ. ಅಲ್ಲಿ ಹನ್ನೆರಡರಿಂದ ಶುರು: ಹನ್ನೆರಡು, ಒಂದು, ಎರಡು, ಮೂರು... ಹೀಗೆ ಹನ್ನೊಂದರವರೆಗೆ. ಗಡಿಯಾರದ ಚಿತ್ರ ಅದೇ, ಚುಕ್ಕೆಗಳೂ ಅವೇ, ಹೊರಡುವ ಜಾಗ ಮಾತ್ರ ತುದಿಯ ಹನ್ನೆರಡು. ಹಾಗಾಗಿ ಪ್ರತಿ ಆವರ್ತವೂ ಒತ್ತಿನ ಮೇಲೇ ಆರಂಭವಾಗುತ್ತದೆ.

ಹೆರೆಸ್ ದೆ ಲಾ ಫ್ರೊಂತೇರಾ ಬುಲೆರಿಯಾಸ್‌ನ ತವರು. ಆ ಊರಿನ ಸಾಂತಿಯಾಗೊ, ಸಾನ್ ಮಿಗೆಲ್ ಎಂಬ ಎರಡು ಕೇರಿಗಳ ಮನೆತನಗಳಲ್ಲಿ ಮಕ್ಕಳು ಇದನ್ನು ಎಣಿಸಿ ಕಲಿಯುವುದಿಲ್ಲ, ಅಜ್ಜಿಯ ಮಡಿಲಲ್ಲೇ ಕಲಿತುಬಿಡುತ್ತಾರೆ. ದೂರದಲ್ಲಿರುವ ನಮಗೆ ಎಣಿಕೆ ಬೇಕು. ಅಲ್ಲಿನ ಕೂಟದಲ್ಲಿ ಇಬ್ಬರು ಚಪ್ಪಾಳೆ ತಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲನೆಯವರು ಮಾತ್ರೆಯ ಮೇಲೆ ತಟ್ಟುತ್ತಾರೆ. ಇದು ಬುನಾದಿ. ಎರಡನೆಯವರು ಎರಡು ಮಾತ್ರೆಗಳ ಸರಿಯಾದ ನಡುವೆ ತಟ್ಟುತ್ತಾರೆ. ಇದು ಕಾಂತ್ರಾ. ನಿಮಿಷಕ್ಕೆ 240 ಮಾತ್ರೆಯ ವೇಗದಲ್ಲಿ ಒಬ್ಬೊಬ್ಬರ ಕೈಯೂ ಸೆಕೆಂಡಿಗೆ ನಾಲ್ಕು ಸಲ ಕೂಡುತ್ತದೆ. ಎರಡೂ ಸೇರಿದಾಗ ಸೆಕೆಂಡಿಗೆ ಎಂಟು ಶಬ್ದಗಳ ಒಂದೇ ಹೊನಲು ಹರಿಯುತ್ತದೆ. ಅಷ್ಟು ವೇಗವನ್ನು ಒಬ್ಬರ ಕೈ ಹೊತ್ತು ಸಾಗಿಸಲಾರದು. ಹೊರಗಿನವರಿಗೆ ಅದು ಯಾರೋ ಒಬ್ಬರದೇ ಅದ್ಭುತ ಕೈಚಳಕ ಎನ್ನಿಸುತ್ತದೆ. ಅದು ಇಬ್ಬರು ಹಂಚಿಕೊಂಡ ಕೆಲಸ.

ಹೊನಲು ಹೀಗೆ ಏಕಸಮನಾಗಿ ಹರಿದರೆ ಹನ್ನೆರಡು ಎಲ್ಲಿ, ಹತ್ತು ಎಲ್ಲಿ ಎಂದು ತಿಳಿಯುವುದು ಹೇಗೆ? ಬುನಾದಿಯವರು ಎಲ್ಲ ಮಾತ್ರೆಗಳನ್ನೂ ಒಂದೇ ಬಲದಲ್ಲಿ ತಟ್ಟುವುದಿಲ್ಲ. ಪ್ರಚಲಿತವಾಗಿರುವ ಒಂದು ಕ್ರಮದಲ್ಲಿ ಹನ್ನೆರಡು, ಮೂರು, ಏಳು, ಎಂಟು, ಹತ್ತು ಎದ್ದು ಕೇಳುತ್ತವೆ. ಆರರ ಒತ್ತು ಇಲ್ಲಿ ಒಂದು ಮಾತ್ರೆ ಮುಂದಕ್ಕೆ ಜರುಗಿ ಏಳಕ್ಕೆ ಬಿದ್ದಿರುವುದನ್ನು ಗಮನಿಸಿ. ‘ಏಳೆಂಟು, ಹತ್ತು’ ಎಂಬ ಈ ಜೋಡುಪೆಟ್ಟು ಮತ್ತು ಅದರ ಹಿಂದಿನ ಮೌನ ಬುಲೆರಿಯಾಸ್‌ನ ಮುಖಚಹರೆ. ಕಾಲು ಹನ್ನೆರಡು, ಮೂರು, ಆರು, ಒಂಬತ್ತರಲ್ಲಿ ಸಮನಾಗಿ ನೆಲಕ್ಕೆ ಬೀಳುತ್ತಿರುವುದೂ ಉಂಟು. ಆಗ ಪಾದದ್ದು ಮೂರರ ನಡೆ, ಕೈಯದ್ದು ಬೇರೆಯದೇ ನಡೆ, ಎರಡೂ ಒಂದೇ ದೇಹದಲ್ಲಿ.

ಅದರ ಮೇಲೆ ಗಿಟಾರ್ ಬರುತ್ತದೆ. ಬುಲೆರಿಯಾಸ್‌ಗೆ ಹೆಚ್ಚಾಗಿ ಎ ಕಾರ್ಡ್ ಮನೆ, ಅರ್ಧ ಸ್ವರ ಮೇಲಿನ ಬಿ ಫ್ಲಾಟ್ ಅದರ ನೆರೆ. ಹನ್ನೆರಡು, ಒಂದು, ಎರಡರಲ್ಲಿ ಎ. ಮೂರಕ್ಕೆ ಬಿ ಫ್ಲಾಟ್‌ಗೆ ಜಿಗಿತ. ಮೂರರಿಂದ ಒಂಬತ್ತರವರೆಗೆ ಅಲ್ಲೇ ತೂಗಾಟ, ಏಳು ಎಂಟರಲ್ಲಿ ಬಲಗೈಯ ಬಿರುಸು. ಹತ್ತಕ್ಕೆ ಎ, ಒಡನೆಯೇ ಅಂಗೈಯಿಂದ ತಂತಿ ಮುಚ್ಚಿ ಶಬ್ದವನ್ನು ತುಂಡರಿಸುತ್ತಾರೆ. ಹನ್ನೊಂದರಲ್ಲಿ ಒಂದು ಗೊಲ್ಪೆ, ಅಥವಾ ಏನೂ ಇಲ್ಲ. ಸೊಲೆಯಾದಲ್ಲಿ ನೋಡಿದ ನಕ್ಷೆಯೇ ಇದು. ಕಾರ್ಡ್ ಬೇರೆ, ವೇಗ ಮೂರು ಪಟ್ಟು, ಮೂರಕ್ಕೆ ಹೊರಟು ಹತ್ತಕ್ಕೆ ಮರಳುವ ನಿಯಮ ಬದಲಾಗಿಲ್ಲ.

ಈಗ ಎರಡನ್ನೂ ಒಂದರ ಮೇಲೊಂದು ಇಟ್ಟು ಕೇಳಿ. ಹನ್ನೆರಡರಲ್ಲಿ ಚಪ್ಪಾಳೆ ಎದ್ದು ಕೇಳುತ್ತದೆ, ಆದರೆ ಗಿಟಾರ್ ಮನೆಯಲ್ಲೇ ಇದೆ, ಅದಕ್ಕೆ ಸುದ್ದಿಯೇನೂ ಇಲ್ಲ. ಮೂರರಲ್ಲಿ ಎರಡೂ ಕೂಡುತ್ತವೆ, ಒಂದು ಪೆಟ್ಟಿನಿಂದ, ಇನ್ನೊಂದು ಸ್ವರದಿಂದ. ನಾಲ್ಕು, ಐದು, ಆರರಲ್ಲಿ ಬುನಾದಿಯ ಕೈ ತಗ್ಗುತ್ತದೆ, ಗಿಟಾರ್ ಆ ಜಾಗವನ್ನು ತುಂಬುತ್ತದೆ. ಕಾಂತ್ರಾದವರು ಮಾತ್ರ ಎಡೆಬಿಡದೆ ನಡುವೆ ನಡುವೆ ಹೊಲಿಯುತ್ತಲೇ ಇರುತ್ತಾರೆ. ಏಳೆಂಟರಲ್ಲಿ ಎಲ್ಲರೂ ಒಟ್ಟಾಗುತ್ತಾರೆ. ಹತ್ತರಲ್ಲಿ ಚಪ್ಪಾಳೆಯೂ ಗಿಟಾರೂ ಒಂದೇ ಕ್ಷಣದಲ್ಲಿ ಇಳಿದು, ಒಟ್ಟಿಗೇ ಕೈ ಬಿಡುತ್ತವೆ. ಆ ತೆರವಿನಲ್ಲಿ ಯಾರಾದರೂ ‘ಓಲೆ’ ಎನ್ನುವುದನ್ನು ಬಹಳ ಸಲ ಕೇಳಿರುತ್ತೀರಿ. ಅದು ಎಲ್ಲೋ ಬಿದ್ದ ಮೆಚ್ಚುಗೆಯಲ್ಲ. ಬಲ್ಲವರ ಓಲೆಗೂ ಜಾಗ ಇದೆ, ಅದು ಹತ್ತರ ಬೆನ್ನಿಗೆ ಬೀಳುತ್ತದೆ.

ಹೆರೆಸ್‌ನ ಗಿಟಾರ್ ವಾದಕ ಮೊರಾಯಿತೊ ಅವರ ಕೈಯಲ್ಲಿ ಇದು ಎಷ್ಟು ನಿಚ್ಚಳವಾಗಿ ಕೇಳುತ್ತದೆಂದರೆ, ಅವರು ನುಡಿಸುವುದಕ್ಕಿಂತ ನುಡಿಸದೆ ಬಿಡುವ ಮಾತ್ರೆಗಳೇ ನನಗೆ ಹೆಚ್ಚು ಇಷ್ಟ. 2011ರಲ್ಲಿ ತೀರಿಕೊಂಡ ಈ ವಾದಕ ಗಾಯಕ ಹೊಸೆ ಮೆರ್ಸೆ ಅವರ ಜೊತೆ ವರ್ಷಗಟ್ಟಲೆ ನುಡಿಸಿದ್ದಾರೆ. ಪಾಕೊ ದೆ ಲುಸಿಯಾ ಅವರ ಬುಲೆರಿಯಾಸ್ ಇನ್ನೊಂದು ದಿಕ್ಕಿನದು. ಅಲ್ಲಿ ಗಿಟಾರ್ ಹತ್ತನ್ನು ಬೇಕೆಂದೇ ಅರ್ಧ ಮಾತ್ರೆ ಮೊದಲೋ ಆಮೇಲೋ ಮುಟ್ಟಿ, ಮುಟ್ಟದಂತೆ ತಪ್ಪಿಸಿಕೊಂಡು, ಮೂರು ನಾಲ್ಕು ಆವರ್ತಗಳನ್ನು ಒಂದೇ ಉಸಿರಿನಲ್ಲಿ ಪೋಣಿಸುತ್ತದೆ. ಆಗ ಚಪ್ಪಾಳೆಯೇ ಆಸರೆ. ಗಿಟಾರ್ ಅಷ್ಟು ದೂರ ಹೋಗಬಲ್ಲದು ಏಕೆಂದರೆ ಕೈಗಳು ಕದಲುವುದಿಲ್ಲ. 1970ರ ದಶಕದ ಕೊನೆಯಲ್ಲಿ ಪಾಕೊ ಅವರೇ ಪೆರು ದೇಶದಿಂದ ಕಹೋನ್ ಎಂಬ ಮರದ ಪೆಟ್ಟಿಗೆಯ ವಾದ್ಯವನ್ನು ಫ್ಲಮೆಂಕೊಗೆ ತಂದರು. ಈಗ ಅದಿಲ್ಲದ ತಂಡವೇ ಅಪರೂಪ. ಚೆನ್ನಾಗಿಯೇ ಇದೆ, ಆದರೆ ಕಿವಿ ಕಲಿಯುವ ಹೊತ್ತಿನಲ್ಲಿ ಕಹೋನ್ ಇಲ್ಲದ ಹಳೆಯ ಮುದ್ರಿಕೆಗಳೇ ಮೇಲು. ಅದು ಖಾಲಿ ಮಾತ್ರೆಗಳನ್ನೂ ತುಂಬಿಬಿಡುತ್ತದೆ, ಯಾರು ಎಲ್ಲಿ ಜಾಗ ಬಿಟ್ಟರು ಎಂಬುದು ಕೇಳದೇ ಹೋಗುತ್ತದೆ.

ತಪ್ಪುವುದು ಎಲ್ಲಿ? ಎಲ್ಲರಿಗೂ ಆಗುವ ಒಂದು ತಪ್ಪು ಎಂದರೆ ಆರನ್ನು ಹನ್ನೆರಡು ಎಂದುಕೊಳ್ಳುವುದು. ಆವರ್ತದ ಎರಡೂ ಅರ್ಧಗಳು ಆರಾರು ಮಾತ್ರೆಯವು, ಕಾಲಿನ ಪೆಟ್ಟು ಎರಡರಲ್ಲೂ ಒಂದೇ ತರಹ. ಹಾಗಾಗಿ ಅರ್ಧ ಆವರ್ತ ಜಾರಿಯೂ ಎಣಿಕೆ ಸುಖವಾಗಿ ಸಾಗುತ್ತಿರುತ್ತದೆ, ತಪ್ಪಿದ ಅರಿವೇ ಆಗುವುದಿಲ್ಲ. ಕಂಡುಹಿಡಿಯುವ ದಾರಿ ಸುಲಭ. ಗಿಟಾರ್ ಮನೆ ಸೇರುವಾಗ ನಿಮ್ಮ ಬಾಯಲ್ಲಿ ಯಾವ ಸಂಖ್ಯೆ ಇದೆ ನೋಡಿ. ಪ್ರತಿ ಸಲವೂ ‘ನಾಲ್ಕು’ ಎನ್ನುವಾಗ ಗಿಟಾರ್ ಮುಗಿತಾಯ ಹಾಡುತ್ತಿದ್ದರೆ ನೀವು ಆರು ಮಾತ್ರೆ ಹೆಚ್ಚುಕಮ್ಮಿಯಾಗಿದ್ದೀರಿ. ಅಲ್ಲೇ ನಾಲ್ಕನ್ನು ಹತ್ತು ಎಂದು ತಿದ್ದಿಕೊಂಡರೆ ಸರಿಹೋಯಿತು. ಒಂದು ಎಚ್ಚರಿಕೆ: ಹೆರೆಸ್‌ನವರು ಬುಲೆರಿಯಾಸ್‌ನಲ್ಲಿ ಕೆಲವೊಮ್ಮೆ ಬೇಕೆಂದೇ ಆರು ಮಾತ್ರೆಯ ಅರ್ಧ ಆವರ್ತ ಸೇರಿಸುತ್ತಾರೆ. ಗಾಯಕರು ಸಾಲನ್ನು ಎಳೆದರೆ ಇಲ್ಲವೇ ಬೇಗ ಮುಗಿಸಿದರೆ ಗಿಟಾರ್ ಅರ್ಧ ಸುತ್ತು ಕೊಟ್ಟು ಜೊತೆಗೂಡುತ್ತದೆ. ನಿಮ್ಮ ಎಣಿಕೆ ಸರಿಯಾಗಿದ್ದೂ ಒಮ್ಮೆ ನಾಲ್ಕಕ್ಕೆ ಮುಗಿತಾಯ ಬಂತೆಂದರೆ ಅದು ಅವರ ರೂಢಿ, ಹತ್ತು ಎಲ್ಲಿದೆಯೋ ಅಲ್ಲಿಂದ ಮತ್ತೆ ಹೊರಡಬೇಕು.

ಕೈಯ ತಪ್ಪು ಬೇರೆ ತರಹದ್ದು. ಕಾಂತ್ರಾ ತಟ್ಟುವವರ ಚಪ್ಪಾಳೆ ಆಯಾಸವಾದಂತೆ ಮಾತ್ರೆಯ ಕಡೆಗೆ ಜಾರುತ್ತದೆ. ಎರಡು ಕೈಗಳ ನಡುವಿನ ದೂರ ಒಂದು ಕಡೆ ಹಿರಿದಾಗಿ ಇನ್ನೊಂದು ಕಡೆ ಕಿರಿದಾಗುತ್ತದೆ, ಹೊನಲು ಕುಂಟತೊಡಗುತ್ತದೆ, ಕೊನೆಗೆ ಇಬ್ಬರೂ ಒಂದೇ ಕಡೆ ತಟ್ಟಿಬಿಡುತ್ತಾರೆ. ಇದು ಶುರುವಾಗಿದೆಯೇ ಎಂದು ತಿಳಿಯಲು ತಮ್ಮ ಕೈಯನ್ನು ಕೇಳಿದರೆ ಆಗದು, ಜೊತೆಯವರ ಕೈಯನ್ನು ಕೇಳಬೇಕು. ನುರಿತ ಪಾಲ್ಮೇರೊಗಳು ಒಬ್ಬರನ್ನೊಬ್ಬರು ನೋಡುತ್ತಾ, ಪಾದದಲ್ಲಿ ಸದ್ದಿಲ್ಲದೆ ಮಾತ್ರೆ ಇಟ್ಟುಕೊಂಡು, ಕೈಯನ್ನು ಆ ಪಾದದ ನಡುವೆ ಕೂರಿಸುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡುವವರಿಗೂ ಇದೇ ವಿಧಾನ: ಪಾದ ಮಾತ್ರೆಗೆ, ಕೈ ನಡುವಿಗೆ, ಬಾಯಿ ಎಣಿಕೆಗೆ. ಮೊದಲು ಬಹಳ ನಿಧಾನವಾಗಿ, ನಿಮಿಷಕ್ಕೆ 80 ಮಾತ್ರೆಯಂತೆ. ಕೈಯೂ ಪಾದವೂ ಒಂದಾಗುತ್ತಿವೆ ಎನ್ನಿಸಿದ ಕೂಡಲೇ ನಿಲ್ಲಿಸಿ ಹೊಸದಾಗಿ ಆರಂಭಿಸುವುದು ಒಳ್ಳೆಯದು, ಎಳೆದಾಡಿ ಸರಿಮಾಡಲು ಹೋದರೆ ಕುಂಟುವುದೇ ರೂಢಿಯಾಗುತ್ತದೆ.

ಕುಣಿತ ಸೇರಿದಾಗ ಹತ್ತಕ್ಕೆ ಇನ್ನೊಂದು ಜವಾಬ್ದಾರಿ ಬರುತ್ತದೆ. ನರ್ತಕಿ ಒಂದು ಭಾಗ ಮುಗಿಸಿ ಬೇರೆಡೆಗೆ ಹೋಗಬೇಕಾದಾಗ ಬಾಯಿಂದ ಏನೂ ಹೇಳುವುದಿಲ್ಲ. ಯಮಾದಾ ಎಂಬ ಕರೆಯನ್ನು ಕಾಲಿನಿಂದ ಕೊಡುತ್ತಾಳೆ. ಬಿರುಸಾದ ಕಾಲ್ಪೆಟ್ಟುಗಳು ಏರಿ ಬಂದು ಹತ್ತಕ್ಕೆ ಥಟ್ಟನೆ ನಿಲ್ಲುತ್ತವೆ. ಗಿಟಾರ್, ಚಪ್ಪಾಳೆ ಎರಡೂ ಅದೇ ಹತ್ತಕ್ಕೆ ನಿಂತಿರಬೇಕು. ಇಲ್ಲದಿದ್ದರೆ ನಿಂತ ನರ್ತಕಿಯ ಹಿಂದೆ ಒಂದು ಒಂಟಿ ಚಪ್ಪಾಳೆ ಕೇಳುತ್ತದೆ, ಸಭೆಯಲ್ಲಿ ಯಾರೂ ಎಣಿಸದಿದ್ದರೂ ಅದು ತಪ್ಪೆಂದು ಎಲ್ಲರಿಗೂ ಗೊತ್ತಾಗುತ್ತದೆ. ಮುಂದಿನ ಹನ್ನೊಂದು, ಹನ್ನೆರಡರ ತೆರವಿನಲ್ಲಿ ಗಾಯಕಿ ಉಸಿರೆಳೆದುಕೊಳ್ಳುತ್ತಾಳೆ, ಚಪ್ಪಾಳೆ ಕ್ಲಾರಾಸ್‌ನಿಂದ ಸೋರ್ದಾಸ್‌ಗೆ ಇಳಿಯುತ್ತದೆ, ಗಿಟಾರ್ ಹೊಸ ಗತಿ ಹಿಡಿಯುತ್ತದೆ. ಕಾರ್ಲೋಸ್ ಸೌರಾ ಅವರ 1995ರ ‘ಫ್ಲಮೆಂಕೊ’ ಚಿತ್ರದಲ್ಲಿ ಇಂಥ ಸಂಧಿಗಳನ್ನು ಕಣ್ಣಾರೆ ನೋಡಬಹುದು. ಹೆರೆಸ್‌ನ ಪಾಕೇರಾ ಅವರು ಹಾಡುವ ಬುಲೆರಿಯಾಸ್ ಕೂಡ ಅದರಲ್ಲಿದೆ. ಧ್ವನಿ ತಗ್ಗಿಸಿ ಬರೀ ಕೈಗಳನ್ನು ನೋಡುತ್ತಾ ಒಮ್ಮೆ, ಕಣ್ಣು ಮುಚ್ಚಿ ಗಿಟಾರ್ ಕೇಳುತ್ತಾ ಒಮ್ಮೆ ಎಣಿಸಿದರೆ ಎರಡೂ ಎಲ್ಲಿ ಕೂಡುತ್ತವೆ ಎಂಬುದು ಬೇಗ ಹಿಡಿತಕ್ಕೆ ಬರುತ್ತದೆ.

ಗಡಿಯಾರದ ಚಿತ್ರ ಇನ್ನೂ ಕೈಯಲ್ಲಿದ್ದರೆ ಸೆಗಿರಿಯಾವನ್ನೂ ಅದರಲ್ಲೇ ನೋಡಬಹುದು. ಫ್ಲಮೆಂಕೊದಲ್ಲಿ ಅತಿ ಹೆಚ್ಚು ಶೋಕದ ಪ್ರಕಾರ ಇದು. ಚುಕ್ಕೆಗಳು ಕದಲಿಲ್ಲ, ಆದರೆ ಹೊರಡುವುದು ಎಂಟರಿಂದ: ಎಂಟು, ಹತ್ತು, ಹನ್ನೆರಡು, ಮೂರು, ಆರು. ಗಿಡ್ಡ, ಗಿಡ್ಡ, ಉದ್ದ, ಉದ್ದ, ಗಿಡ್ಡ. ಇಲ್ಲಿ ಹನ್ನೆರಡರವರೆಗೆ ಯಾರೂ ಎಣಿಸುವುದಿಲ್ಲ. ಈ ಐದು ಒತ್ತುಗಳನ್ನೇ ಒಂದರಿಂದ ಐದರವರೆಗೆ ಎಣಿಸುತ್ತಾರೆ, ಮೂರು ಮತ್ತು ನಾಲ್ಕನ್ನು ಸ್ವಲ್ಪ ಉದ್ದ ಹಿಡಿಯುತ್ತಾರೆ. ಬುಲೆರಿಯಾಸ್‌ನಲ್ಲಿ ಪಳಗಿದ ಕೈ ಇಲ್ಲಿ ಮೊದಲು ತಡವರಿಸುತ್ತದೆ, ಏಕೆಂದರೆ ಹತ್ತರಲ್ಲಿ ಇನ್ನು ಯಾವ ಮುಗಿತಾಯವೂ ಇಲ್ಲ. ಅದು ಬರೀ ಎರಡನೆಯ ಹೆಜ್ಜೆ, ಮುಂದಿನ ಎರಡು ಉದ್ದದ ಒತ್ತುಗಳು ಇನ್ನೂ ಬರಬೇಕಾಗಿವೆ.